ಕೆರೆ ಹೂಳಿನ ಪ್ರಸ್ತಾವನೆ ಇಂಗ್ಲಿಷಿಗೆ: ‘ಅನುದಾನ’, ‘ಆಡಳಿತ ವೆಚ್ಚ’, ‘ದ್ವಿಗುಣ’ ಇವನ್ನೆಲ್ಲ ಏನು ಮಾಡಲಿ?

ಕೋಡಿಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಬಿಡುವಿದ್ದಾಗ ಅನುವಾದ ಮಾಡುತ್ತೇನೆ. ಕೋಲಾರ ಜಿಲ್ಲೆಯ ಒಂದು ಚಿಕ್ಕ ಸಂಸ್ಥೆ ಜರ್ಮನಿಯ ದಾನಿಯೊಬ್ಬರಿಗೆ ಕಳಿಸಲು ಬರೆದ ಪ್ರಸ್ತಾವನೆ ನನ್ನ ಕೈಗೆ ಬಂದಿದೆ. ಒಂದು ಕೆರೆಯ ಹೂಳು ತೆಗೆಸುವುದು, ತೂಬು ಮತ್ತು ಕೋಡಿ ರಿಪೇರಿ, ಆಮೇಲೆ ಎರಡು ವರ್ಷ ನಿರ್ವಹಣೆ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇದೆ. ಕನ್ನಡ ಚೆನ್ನಾಗಿದೆ, ಬರೆದವರಿಗೆ ಕೆರೆ ಗೊತ್ತು. ಆದರೆ ಬಜೆಟ್ ಪುಟಕ್ಕೆ ಬಂದ ಮೇಲೆ ನನ್ನ ಪೆನ್ನು ನಿಂತಿದೆ. ಇರುವುದು ಹೀಗೆ:

ಜೆಸಿಬಿ ಬಾಡಿಗೆ, 500 ಗಂಟೆ × 1,200: 6,00,000
ತೂಬು, ಕೋಡಿ ದುರಸ್ತಿ: 3,20,000
ಕೆರೆ ಬಳಕೆದಾರರ ಸಂಘಕ್ಕೆ ಅನುದಾನ: 3,00,000
ನೀರುಗಂಟಿ ಗೌರವಧನ, 2 ಜನ × 3,000 × 24 ತಿಂಗಳು: 1,44,000
ತರಬೇತಿ: 66,000
ಆಡಳಿತ ವೆಚ್ಚ: 5,40,000
ಸಾದಿಲ್ವಾರು: 30,000
ಒಟ್ಟು: 20,00,000

ಕೆಳಗೆ ಬೇರೆಯಾಗಿ ‘ಸಮುದಾಯದ ವಂತಿಗೆ 14,00,000’ ಅಂತಿದೆ.

‘ಅನುದಾನ’ಕ್ಕೆ ಗ್ರಾಂಟ್, ‘ಗೌರವಧನ’ಕ್ಕೆ ಹಾನರೇರಿಯಂ, ‘ಸಾದಿಲ್ವಾರು’ಗೆ ಮಿಸಲೇನಿಯಸ್ ಅಂತ ಹಾಕಿಬಿಟ್ಟಿದ್ದೇನೆ. ಸರಿಯೇ? ಫಲಿತಾಂಶದ ಭಾಗದಲ್ಲಿ ಇನ್ನೊಂದು ತಲೆನೋವು: ‘ಕೆರೆಯಲ್ಲಿ 1.36 ಕೋಟಿ ಲೀಟರ್ ಹೆಚ್ಚುವರಿ ನೀರು ಸಂಗ್ರಹವಾಗಿ ಅಂತರ್ಜಲ ಮಟ್ಟ ಹೆಚ್ಚಿಸಲಾಗುವುದು. 240 ರೈತ ಕುಟುಂಬಗಳ ಆದಾಯ ದ್ವಿಗುಣಗೊಳ್ಳಲಿದೆ.’ ಇದನ್ನು ಇಂಗ್ಲಿಷಿನಲ್ಲಿ ಬರೆದು ನಾನೇ ಓದಿಕೊಂಡರೆ ಯಾಕೋ ಎದೆ ಢವಗುಟ್ಟುತ್ತೆ. ಕನ್ನಡದಲ್ಲಿ ಹಾಗನಿಸಿರಲಿಲ್ಲ.

ಪದಕಣಜ

ಮೇಡಂ, ಇಪ್ಪತ್ತು ವರ್ಷದಿಂದ ಕಥೆ, ಕಾದಂಬರಿ ಅನುವಾದ ಮಾಡಿಕೊಂಡು ಬಂದವನು ನಾನು. ನನ್ನ ಮಟ್ಟಿಗೆ ಉತ್ತರ ಸರಳ. ಮೂಲದಲ್ಲಿ ಅನುದಾನ ಅಂತಿದ್ದರೆ ಗ್ರಾಂಟ್ ಅನ್ನಿ. ದ್ವಿಗುಣ ಅಂತಿದ್ದರೆ ಡಬಲ್ ಅನ್ನಿ. ತಿದ್ದುವುದು, ಇಳಿಸುವುದು, ಏರಿಸುವುದು ಅನುವಾದಕರ ಕೆಲಸವಲ್ಲ. ನಾಳೆ ತಪ್ಪಾದರೆ ‘ಟೀಚರ್ ಬದಲಾಯಿಸಿದರು’ ಅಂತ ನಿಮ್ಮ ತಲೆಗೆ ಕಟ್ಟುತ್ತಾರೆ.

ಲೆಡ್ಜರ್ ಮಾವ

ಪದಕಣಜ ಅವರ ಮಾತು ಅರ್ಧ ಸರಿ. ಹೇಳದೆ ಕೇಳದೆ ತಿದ್ದಬಾರದು, ಒಪ್ಪಿದೆ. ಆದರೆ ಪದಕ್ಕೆ ಪದ ಇಟ್ಟು ಕೈತೊಳೆದುಕೊಂಡರೆ ಈ ಸಂಸ್ಥೆಗೆ ಕಷ್ಟ ಇದೆ. ನಾನು ಸಂಘಸಂಸ್ಥೆಗಳ ವಿದೇಶಿ ದೇಣಿಗೆ ಲೆಕ್ಕ ಬರೆಯುವವನು, ಮೊದಲು ನನ್ನ ಕಣ್ಣು ಹೋಗಿದ್ದೇ ಆ ಮೂರನೇ ಸಾಲಿಗೆ.

‘ಕೆರೆ ಬಳಕೆದಾರರ ಸಂಘಕ್ಕೆ ಅನುದಾನ 3,00,000.’ ಇದನ್ನು ಗ್ರಾಂಟ್ ಅಂತ ಬರೆದರೆ, ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಘಕ್ಕೆ ದಾಟಿಸುತ್ತಿದೆ ಅಂತಲೇ ಅರ್ಥ. 2020ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ ತಿದ್ದುಪಡಿ ಆದ ಮೇಲೆ ಅದಕ್ಕೆ ಅವಕಾಶವೇ ಇಲ್ಲ. ಮೊದಲಾದರೆ ತಗೊಳ್ಳುವವರಿಗೂ ನೋಂದಣಿ ಇದ್ದರೆ ಕೊಡಬಹುದಿತ್ತು. ಈಗ ಅವರಿಗೆ ನೋಂದಣಿ ಇದ್ದರೂ ಇಲ್ಲ. ಭಾರತಕ್ಕೆ ಹಣ ಕಳಿಸಿ ರೂಢಿ ಇರುವ ದಾನಿಗಳಿಗೆ ಇದು ಚೆನ್ನಾಗಿ ಗೊತ್ತು. ಆ ಒಂದು ಸಾಲು ಕಂಡರೆ ಮುಂದೆ ಓದುತ್ತಾರೋ ಇಲ್ಲವೋ.

ಹಾಗಂತ ‘ಗ್ರಾಂಟ್’ ತೆಗೆದು ‘ಸಪೋರ್ಟ್’ ಅಂತ ಹಾಕಿಬಿಡಿ ಅಂತ ನಾನು ಹೇಳುತ್ತಿಲ್ಲ. ಅದು ಇನ್ನೂ ಕೆಟ್ಟದ್ದು. ಕೇಳಬೇಕಾದ್ದು ಇಷ್ಟೇ: ಈ ಮೂರು ಲಕ್ಷ ಯಾರ ಬ್ಯಾಂಕ್ ಖಾತೆಯಿಂದ ಯಾರ ಖಾತೆಗೆ ಹೋಗುತ್ತೆ, ಬಿಲ್ಲು ಯಾರ ಹೆಸರಿನಲ್ಲಿ ಇರುತ್ತೆ? ಸಂಸ್ಥೆಯೇ ಸಿಮೆಂಟು, ಕಲ್ಲು, ಕೂಲಿಗೆ ನೇರವಾಗಿ ಪಾವತಿ ಮಾಡಿ ಬಿಲ್ಲನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವುದಾದರೆ ಅದು ಅನುದಾನವಲ್ಲ, ಕಾಮಗಾರಿಯ ಖರ್ಚು. ನಮ್ಮ ಕಡೆ ಯಾರಿಗೆ ಏನು ಕೊಟ್ಟರೂ ‘ಅನುದಾನ’ ಅನ್ನುವ ರೂಢಿ, ಸರ್ಕಾರಿ ಕಾಗದ ಓದಿ ಓದಿ ಬಂದದ್ದು. ನಿಜವಾಗಿಯೂ ಸಂಘದ ಖಾತೆಗೇ ಹಾಕುವ ಯೋಚನೆ ಇದ್ದರೆ ಬದಲಾಗಬೇಕಾದ್ದು ಯೋಜನೆ, ಪದ ಅಲ್ಲ. ಕಾರ್ಯದರ್ಶಿಗೆ ಫೋನ್ ಮಾಡಿ ಕೇಳಿ ಮೇಡಂ.

ಬಿದನೂರು ಬಸವ

ಅಕ್ಕ, ನಮ್ಮ ಯುವಕ ಸಂಘದ್ದೂ ಕೆರೆ ಅರ್ಜಿ ತಾಲ್ಲೂಕು ಆಫೀಸಿನಲ್ಲಿ ಎಂಟು ತಿಂಗಳಿಂದ ಕೂತಿದೆ. ಗ್ರಾಮಸಭೆ ನಡಾವಳಿ, ಅಂದಾಜು ಪಟ್ಟಿ, ಹಣ ಬಳಕೆ ಪ್ರಮಾಣಪತ್ರ ಎಲ್ಲ ಮೂರು ಪ್ರತಿ ಕೊಡಿ, ಆಗ ಬೇಗ ಆಗುತ್ತೆ. ಇಂಗ್ಲಿಷ್ ಯಾಕೆ, ಕನ್ನಡದಲ್ಲೇ ಕೊಡಿ. ಕನ್ನಡದಲ್ಲಿ ಕೊಟ್ಟರೆ ತಗೊಳ್ಳಲೇಬೇಕು.

ಕೋಡಿಹಳ್ಳಿ ಟೀಚರ್

ಬಸವ, ಇದು ಸರ್ಕಾರದ ದುಡ್ಡಲ್ಲಪ್ಪ, ಜರ್ಮನಿಯದ್ದು. ಆದರೂ ಗ್ರಾಮಸಭೆ ನಡಾವಳಿ ವಿಷಯ ನೆನಪಿಸಿದ್ದು ಒಳ್ಳೆಯದಾಯಿತು. ‘ಅನುಮತಿ ಪಡೆಯಲಾಗುವುದು’ ಅಂತ ಬರೆದಿದ್ದಾರೆ, ಯಾರಿಂದ ಅಂತ ಇಲ್ಲ.

ಲೆಡ್ಜರ್ ಮಾವ

ಅದನ್ನೂ ಕೇಳಿ. ಅಚ್ಚುಕಟ್ಟು 40 ಹೆಕ್ಟೇರ್ ದಾಟಿದರೆ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತೆ, ಅದಕ್ಕಿಂತ ಚಿಕ್ಕದು ಪಂಚಾಯತಿ ಕಡೆಗೆ. ಯಾರ ಪತ್ರ ಅನ್ನುವುದು ಅದರ ಮೇಲೆ ಹೋಗುತ್ತೆ. ‘ಲಾಗುವುದು’ ಅಂತ ಮುಗಿಯುವ ಕನ್ನಡ ವಾಕ್ಯದಲ್ಲಿ ಮಾಡುವವರು ಯಾರು ಅಂತ ಹೇಳದೆಯೇ ದಾಟಿಕೊಳ್ಳಬಹುದು. ಇಂಗ್ಲಿಷಿಗೆ ತರುವಾಗ ಪ್ರತಿ ‘ಲಾಗುವುದು’ ಮುಂದೆ ಒಂದು ಪ್ರಶ್ನಾರ್ಥಕ ಹಾಕಿ, ಸಂಸ್ಥೆಯಿಂದ ಹೆಸರು ಪಡೆಯಿರಿ.

ರೈನ್ ದಂಡೆ

ನಾನು ಮೂಲತಃ ಸಾಗರದವಳು, ಈಗ ಬಾನ್‌ನಲ್ಲಿದ್ದೇನೆ. ಇಂಥದ್ದೇ ಒಂದು ದಾನಿ ಸಂಸ್ಥೆಯಲ್ಲಿ ಆರು ವರ್ಷ ಪ್ರಸ್ತಾವನೆ, ವರದಿ ಓದುವ ಕೆಲಸ ಮಾಡಿದ್ದೆ. ಮೇಜಿನ ಆ ಬದಿಯಿಂದ ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

ಟೀಚರ್, ನಿಮ್ಮ ಎದೆ ಢವಗುಟ್ಟಿದ್ದು ಸರಿಯೇ. ಕನ್ನಡದಲ್ಲಿ ‘ದ್ವಿಗುಣಗೊಳ್ಳಲಿದೆ’ ಅನ್ನುವುದು ಮುಕ್ಕಾಲು ಪಾಲು ಹಾರೈಕೆ. ಊರಿನ ಸಭೆಯಲ್ಲಿ ಅದನ್ನು ಕೇಳಿ ಯಾರೂ ಲೆಕ್ಕ ಹಾಕುವುದಿಲ್ಲ. ಇಂಗ್ಲಿಷಿನಲ್ಲಿ ‘ವಿಲ್ ಡಬಲ್’ ಅಂತ ಬಂದರೆ ನಾವು ಅದನ್ನು ಎತ್ತಿ ಒಪ್ಪಂದದ ಅನುಬಂಧದಲ್ಲಿ ಸೂಚಕ ಅಂತ ಒಂದು ಖಾನೆಯಲ್ಲಿ ಕೂರಿಸುತ್ತಿದ್ದೆವು. ಪಕ್ಕದ ಖಾನೆ: ಈಗಿನ ಆದಾಯ ಎಷ್ಟು? ಅದರ ಪಕ್ಕ: ಹೇಗೆ ಅಳೆಯುತ್ತೀರಿ? ಎರಡು ವರ್ಷದ ನಂತರ ಅದೇ ಹಾಳೆ ತೆರೆದು ಟಿಕ್ ಹಾಕುತ್ತಿದ್ದೆವು.

ಒಮ್ಮೆ ಬಾಲ್ಯವಿವಾಹದ ಯೋಜನೆಯೊಂದು ಬಂದಿತ್ತು, ಯಾವ ರಾಜ್ಯದ್ದು ಅಂತ ಬೇಡ. ಮೂಲದಲ್ಲಿ ‘ತಡೆಗಟ್ಟಲಾಗುವುದು’ ಅಂತಿದ್ದಿರಬೇಕು, ಇಂಗ್ಲಿಷಿನಲ್ಲಿ ‘ಎಲಿಮಿನೇಟ್’ ಆಗಿತ್ತು. ಅವರು ನಿಜಕ್ಕೂ ಒಳ್ಳೆಯ ಕೆಲಸ ಮಾಡಿದ್ದರು. ಕೊನೆಯ ವರದಿಯಲ್ಲಿ ಪ್ರಾಮಾಣಿಕವಾಗಿ ಮೂರು ಮದುವೆ ನಡೆದುಹೋದವು ಅಂತ ಬರೆದರು. ಹಾಳೆಯಲ್ಲಿ ‘ಗುರಿ ಸಾಧಿಸಿಲ್ಲ’ ಅಂತಲೇ ಬಿತ್ತು. ಆ ಒಂದು ಪದ ಬೇರೆ ಇದ್ದಿದ್ದರೆ ಅದೇ ವರದಿ ಬೇರೆ ಥರ ಓದಿಸಿಕೊಳ್ಳುತ್ತಿತ್ತು.

ನಿಮ್ಮ ಎರಡು ವಾಕ್ಯದಲ್ಲಿ ಮೂರು ಬೇರೆ ಬೇರೆ ದೂರದ ಸಂಗತಿಗಳಿವೆ. ಹೂಳು ತೆಗೆದಿದ್ದರಿಂದ ಕೆರೆಯ ಹೊಟ್ಟೆ ದೊಡ್ಡದಾಯಿತು, ಇದು ಔಟ್‌ಪುಟ್. ಜೆಸಿಬಿ ಹೋದ ಮಾರನೇ ದಿನವೇ ಅಳೆಯಬಹುದು, ಮಳೆ ಬರಬೇಕಿಲ್ಲ. ನೀರು ನಿಂತು ಸುತ್ತಲ ಬಾವಿಯಲ್ಲಿ ನೀರು ಏರಿತು, ಇದು ಔಟ್‌ಕಮ್, ಮಳೆ ಬಂದರೆ. ಆದಾಯ ಹೆಚ್ಚಿತು ಅನ್ನುವುದಕ್ಕೆ ಮಳೆ, ಟೊಮೆಟೊ ರೇಟು, ಬಿತ್ತನೆ ಬೀಜ, ದೇವರು ಎಲ್ಲ ಸೇರಬೇಕು. ಮೂರಕ್ಕೂ ಕನ್ನಡದಲ್ಲಿ ‘ಫಲಿತಾಂಶ’ ಅಂತ ಒಂದೇ ಪದ ಓಡಾಡುತ್ತಿದೆ. ಮೂರಕ್ಕೂ ಇಂಗ್ಲಿಷಿನ ಒಂದೇ ಪದ ಹಾಕಿದರೆ ಮೂರಕ್ಕೂ ಸಂಸ್ಥೆಯೇ ಜವಾಬ್ದಾರಿ ಹೊತ್ತಂತೆ.

ಕೊಪ್ಪಳದ ಹೂಳಪ್ಪ

ನೋಡ್ರಿ ಟೀಚರ್, ನಾ ಹೂಳ ತಗಿಸೂ ಕೆಲಸದಾಗ ಇದ್ದಾಂವ. ಆ 1.36 ಕೋಟಿ ಲೀಟರ್ ಅನ್ನೂದು ಎಲ್ಲಿಂದ ಬಂತು ಕೇಳ್ರಿ. ನನಗ ಅನಸ್ತದ, ಟ್ರಾಲಿ ಎಣಿಸಿ ಗುಣಿಸ್ಯಾರ.

ಕೋಡಿಹಳ್ಳಿ ಟೀಚರ್

ಹೌದು! ಅನುಬಂಧದಲ್ಲಿದೆ. ಟ್ರ್ಯಾಕ್ಟರ್ ಟ್ರೈಲರ್ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ, ಅಂದರೆ 120 ಘನ ಅಡಿ, ಹತ್ತಿರ ಹತ್ತಿರ 3.4 ಘನ ಮೀಟರ್. ಗಂಟೆಗೆ 8 ಲೋಡ್, 500 ಗಂಟೆಗೆ 4,000 ಲೋಡ್. ಒಟ್ಟು 13,600 ಘನ ಮೀಟರ್. ಒಂದು ಘನ ಮೀಟರ್‌ಗೆ ಸಾವಿರ ಲೀಟರ್, ಹಾಗಾಗಿ 1.36 ಕೋಟಿ. ನಾನು ‘1.36 ಮಿಲಿಯನ್ ಲೀಟರ್’ ಅಂತ ಬರೆದಿದ್ದೇನೆ.

ಲೆಡ್ಜರ್ ಮಾವ

ಅಯ್ಯೋ. ಒಂದು ಕೋಟಿ ಅಂದರೆ ಹತ್ತು ಮಿಲಿಯನ್ ಮೇಡಂ. ಹತ್ತು ಪಟ್ಟು ಕಡಿಮೆ ಬರೆದಿದ್ದೀರಿ. 13.6 ಆಗಬೇಕು.

ಕೋಡಿಹಳ್ಳಿ ಟೀಚರ್

ಮಕ್ಕಳಿಗೆ ಹೇಳಬೇಡಿ ಇದನ್ನ.

ಕೊಪ್ಪಳದ ಹೂಳಪ್ಪ

ನಿಲ್ರಿ, 13.6 ಅದೂ ಅಲ್ಲ. ಕೆರಿಯೊಳಗ ಹೂಳ ಒತ್ತಿಕೊಂಡು ಕುಂತಿರ್ತದ. ಅಗದ ಟ್ರಾಲಿಗೆ ಹಾಕಿದ ಕೂಡಲೇ ಉಬ್ಬತದ. ಒಂದು ಬುಟ್ಟಿ ಅಗದ್ರ ಟ್ರಾಲಿಯೊಳಗ ಒಂದೂ ಕಾಲು ಬುಟ್ಟಿ ಕಾಣತದ. ಮಣ್ಣಿನ ಮ್ಯಾಲ ಹೆಚ್ಚೂಕಮ್ಮಿ ಆಗತದ ಖರೆ, ಆದ್ರ ಟ್ರಾಲಿ ಲೆಕ್ಕನ ಕೆರಿ ಲೆಕ್ಕ ಅಂತ ಬರದ್ರ ತಪ್ಪು. ಆ ಹಿಸಾಬಿನ್ಯಾಗ ಕೆರಿಯೊಳಗ ಆಗೂ ಜಾಗಾ 11,000 ಘನ ಮೀಟರ್ ಒಳಗ. ನಾವು ಟ್ರಾಲಿ ನಂಬೂದು ಬಿಟ್ಟು, ಅಗಿಯೂದಕ್ಕ ಮೊದಲು ಕೆರಿ ಅಂಗಳದಾಗ ಅಲ್ಲಲ್ಲಿ ‘ಸಾಕ್ಷಿ ಗುಡ್ಡಿ’ ಬಿಡತೀವಿ. ಅಂದ್ರ ನಡುನಡುವ ಒಂದೊಂದು ಮಣ್ಣಿನ ಕಂಬ ಅಗೀದಂಗ ಬಿಡೂದು. ಕಡೀಕ ಅದರ ಎತ್ತರ ಅಳದ್ರ ಎಷ್ಟ ಆಳ ಹೋಗೇದ ಅಂತ ಯಾರಿಗೂ ತೋರಸಬಹುದು. ಫೋಟೋನೂ ಬರತದ.

ರೈನ್ ದಂಡೆ

ಹೂಳಪ್ಪನವರೇ, ಸಾಕ್ಷಿ ಗುಡ್ಡೆಯನ್ನು ಪ್ರಸ್ತಾವನೆಯಲ್ಲೇ ಬರೆಸಬೇಕು. ‘ಹೇಗೆ ಅಳೆಯುತ್ತೀರಿ’ ಖಾನೆಗೆ ಇದಕ್ಕಿಂತ ಒಳ್ಳೆ ಉತ್ತರ ನಾನು ಓದಿಲ್ಲ. ಟೀಚರ್, ಸಂಸ್ಥೆ ಒಪ್ಪಿದರೆ ‘ಸುಮಾರು 11,000 ಘನ ಮೀಟರ್ ಹೆಚ್ಚುವರಿ ಸಾಮರ್ಥ್ಯ’ ಅಂತ ಬರೆಯಿರಿ. ‘ನೀರು ಸಂಗ್ರಹವಾಗುತ್ತದೆ’ ಅನ್ನುವುದು ಬೇಡ. ಸಾಮರ್ಥ್ಯ ನಿಮ್ಮ ಕೈಲಿದೆ, ನೀರು ಮೋಡದ ಕೈಲಿದೆ.

ಇನ್ನೊಂದು. ‘ಟ್ಯಾಂಕ್’ ಅಂತ ಬರೆದಿದ್ದೀರಾ ಕೆರೆಗೆ? ಕರ್ನಾಟಕದ ಇಂಗ್ಲಿಷ್ ದಾಖಲೆಗಳಲ್ಲೆಲ್ಲ ಅದೇ ಪದ. ವಿಶ್ವಬ್ಯಾಂಕ್ ನೆರವಿನಿಂದ 2002ರಲ್ಲಿ ಶುರುವಾದ ಜಲಸಂವರ್ಧನೆ ಯೋಜನೆಯಲ್ಲೂ ಅದೇ ಇತ್ತು. ಆದರೆ ಇಲ್ಲಿಯವರ ತಲೆಯಲ್ಲಿ ಟ್ಯಾಂಕ್ ಅಂದರೆ ನೀರು ತುಂಬಿಡುವ ತೊಟ್ಟಿ. ನನ್ನ ಹಿಂದಿನ ಸಹೋದ್ಯೋಗಿಯೊಬ್ಬ ‘ಒಂದು ಟ್ಯಾಂಕ್ ತೊಳೆಯಲು 500 ಗಂಟೆ ಜೆಸಿಬಿ ಯಾಕೆ’ ಅಂತ ಮುಗ್ಧವಾಗಿ ಕೇಳಬಹುದಾದ ಮನುಷ್ಯ. ಮೊದಲ ಸಲ ಬಂದಲ್ಲಿ, ಮಣ್ಣಿನ ಏರಿ ಕಟ್ಟಿ ಮಳೆನೀರು ನಿಲ್ಲಿಸುವ ಊರ ಜಲಾಶಯ ಅಂತ ಒಂದು ಸಾಲು ಹಾಕಿ, ಆಮೇಲೆ ಟ್ಯಾಂಕ್ ಅನ್ನಿ.

ಕೋಡಿಹಳ್ಳಿ ಟೀಚರ್

ಬಾವಿ ವಿಷಯಕ್ಕೂ ಒಂದು ಕೋಷ್ಟಕ ಇದೆ. ಪಕ್ಕದ ಹಳ್ಳಿಯಲ್ಲಿ ಇದೇ ಸಂಸ್ಥೆ ಹಿಂದೆ ಮಾಡಿದ ಕೆಲಸದ್ದು. ‘ನೀರಿನ ಮಟ್ಟ: ಮೊದಲು 42 ಅಡಿ, ನಂತರ 36 ಅಡಿ.’ ಇದು ಏರಿದ್ದೋ ಇಳಿದದ್ದೋ? ವಾಕ್ಯದಲ್ಲಿ ಏರಿದೆ ಅಂತಾರೆ, ಅಂಕಿ ಇಳಿದಿದೆ.

ಕೊಪ್ಪಳದ ಹೂಳಪ್ಪ

ಏರೇದ್ರಿ. ಬಾವಿ ಕಟ್ಟಿ ಮ್ಯಾಲಿಂದ ಹಗ್ಗ ಬಿಟ್ಟ ಅಳಿಯೂದು. 42 ಅಡಿ ಕೆಳಗ ಇದ್ದ ನೀರು 36ಕ್ಕ ಬಂದೇತಿ, ಆರಡಿ ಮ್ಯಾಲ.

ರೈನ್ ದಂಡೆ

‘ವಾಟರ್ ಲೆವೆಲ್ 42, 36’ ಅಂತ ಬಿಟ್ಟರೆ ಇಲ್ಲಿ ಕೂತವರು ನಿಮ್ಮ ಯೋಜನೆಯಿಂದ ಅಂತರ್ಜಲ ಕುಸಿಯಿತು ಅಂತ ಓದುತ್ತಾರೆ. ‘ಡೆಪ್ತ್ ಟು ವಾಟರ್’ ಅನ್ನಿ, ಎಲ್ಲಿಂದ ಅಳೆದದ್ದು, ಯಾವ ತಿಂಗಳು ಅಂತ ಸೇರಿಸಿ. ಮೊದಲಿನದು ಏಪ್ರಿಲ್‌ನಲ್ಲಿ, ನಂತರದ್ದು ನವೆಂಬರ್‌ನಲ್ಲಿ ಅಳೆದಿದ್ದರೆ ಅದು ಹೂಳಿನ ಫಲವಲ್ಲ, ಮಳೆಗಾಲದ ಫಲ. ಅದನ್ನೂ ಕೇಳಿಬಿಡಿ.

ಪದಕಣಜ

ಇಷ್ಟೆಲ್ಲ ಕೇಳುತ್ತಾ ಹೋದರೆ ಅದು ಅನುವಾದವೋ ತನಿಖೆಯೋ? ಸಂಸ್ಥೆಯವರು ಬೇಜಾರು ಮಾಡಿಕೊಳ್ಳುವುದಿಲ್ಲವೇ.

ಲೆಡ್ಜರ್ ಮಾವ

ಮಾಡಿಕೊಳ್ಳುತ್ತಾರೆ ಸರ್. ಆದರೆ ದಾನಿ ಕೇಳುವುದಕ್ಕಿಂತ ಟೀಚರ್ ಕೇಳುವುದು ವಾಸಿ. ನಾನಾದರೆ ಅನುವಾದದ ಜೊತೆ ಇನ್ನೊಂದು ಹಾಳೆ ಇಡುತ್ತೇನೆ. ಎಡಕ್ಕೆ ಮೂಲ ಪದ, ನಡುವೆ ನಾನು ಹಾಕಿದ ಪದ, ಬಲಕ್ಕೆ ಯಾಕೆ. ಕಾರ್ಯದರ್ಶಿ ಅದರ ಮೇಲೆ ಸಹಿ ಹಾಕಿದ ಮೇಲೇ ಕಳಿಸುವುದು. ನಿಮ್ಮ ‘ತಲೆಗೆ ಕಟ್ಟುತ್ತಾರೆ’ ಅನ್ನುವ ಭಯಕ್ಕೂ ಅದೇ ಮದ್ದು.

ಈಗ ‘ಆಡಳಿತ ವೆಚ್ಚ 5,40,000’. ಇದರೊಳಗೆ ಏನೇನಿದೆ ಮೇಡಂ?

ಕೋಡಿಹಳ್ಳಿ ಟೀಚರ್

ಕೇಳಿದೆ. ಕ್ಷೇತ್ರ ಸಂಯೋಜಕರ ಸಂಬಳ 18,000ದಂತೆ 24 ತಿಂಗಳಿಗೆ 4,32,000. ಉಳಿದ 1,08,000 ಕಚೇರಿ ಬಾಡಿಗೆಯ ಪಾಲು, ಕರೆಂಟು, ಆಡಿಟ್ ಫೀಸು.

ಚಿಂತಾಮಣಿ ಸಿರಿ

ಮಧ್ಯೆ ಬಂದೆ, ಕ್ಷಮಿಸಿ. ನಾನೂ ಒಂದು ಸಂಸ್ಥೆಯಲ್ಲಿದ್ದೇನೆ. ಆಡಳಿತ ವೆಚ್ಚ ಯೋಜನೆಯ ಶೇ 20 ದಾಟಬಾರದು ಅಂತ ಕಾನೂನಿದೆ. ಇದು ಶೇ 27 ಆಯಿತು. ಪ್ರಸ್ತಾವನೆ ತಿರಸ್ಕೃತ ಆಗುವುದು ಗ್ಯಾರಂಟಿ. ಸುಮ್ಮನೆ ಎಲ್ಲವನ್ನೂ ‘ಪ್ರೋಗ್ರಾಂ ಕಾಸ್ಟ್’ ಅಂತ ಬದಲಾಯಿಸಿಬಿಡಿ, ನಾವು ಹಾಗೇ ಮಾಡೋದು.

ಲೆಡ್ಜರ್ ಮಾವ

ಸಿರಿ ಅವರೇ, ಶೇ 20 ಅನ್ನುವುದು ಸರಿ. 2020ರ ತಿದ್ದುಪಡಿಗೆ ಮೊದಲು ಶೇ 50 ಇತ್ತು. ಆದರೆ ಅದು ಒಂದೊಂದು ಯೋಜನೆಗಲ್ಲ, ಸಂಸ್ಥೆಗೆ ಆ ಆರ್ಥಿಕ ವರ್ಷದಲ್ಲಿ ಬಂದ ಒಟ್ಟು ವಿದೇಶಿ ದೇಣಿಗೆಯ ಮೇಲೆ. ಇದರಲ್ಲಿ ಹೆಚ್ಚಾಗಿ ಇನ್ನೊಂದರಲ್ಲಿ ಕಡಿಮೆ ಇರಬಹುದು. ದಾನಿ ಹಾಕಿಕೊಂಡ ಮಿತಿ ಬೇರೆ ಇರುತ್ತೆ, ಅದನ್ನು ಅವರ ಮಾರ್ಗಸೂಚಿಯಲ್ಲಿ ನೋಡಬೇಕು. ಇವೆರಡನ್ನು ಒಂದು ಮಾಡಬೇಡಿ.

‘ಎಲ್ಲವನ್ನೂ ಬದಲಾಯಿಸಿ’ ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಬಾಡಿಗೆ, ಕರೆಂಟು, ಲೆಕ್ಕಪತ್ರದ ಖರ್ಚು ಆಡಳಿತವೇ, 2011ರ ನಿಯಮಗಳಲ್ಲಿ ಸ್ಪಷ್ಟವಾಗಿದೆ. ಅದು ಶೇ 5.4, ಹೆಸರು ಮರೆಮಾಚುವ ಅಗತ್ಯವೇ ಇಲ್ಲ. ಪ್ರಶ್ನೆ ಇರುವುದು ಸಂಯೋಜಕರ ಸಂಬಳದ್ದು. ಆಸ್ಪತ್ರೆಯ ಡಾಕ್ಟರ್, ಶಾಲೆಯ ಮೇಷ್ಟ್ರು, ಅಂಥವರ ಸಂಬಳ ಆಡಳಿತ ವೆಚ್ಚ ಅಲ್ಲ ಅಂತ ನಿಯಮವೇ ಹೇಳುತ್ತೆ, ಏಕೆಂದರೆ ಸಂಸ್ಥೆಯ ಉದ್ದೇಶವನ್ನು ನೇರವಾಗಿ ಮಾಡುವವರು ಅವರೇ. ಚಟುವಟಿಕೆಗಳನ್ನು ‘ನಿರ್ವಹಿಸಲು’ ಇಟ್ಟುಕೊಂಡವರ ಸಂಬಳ ಮಾತ್ರ ಆಡಳಿತ. ಈ ಸಂಯೋಜಕ ದಿನವಿಡೀ ಏನು ಮಾಡುತ್ತಾನೆ? ಕೆರೆ ಅಂಗಳದಲ್ಲಿ ನಿಂತು ಲೋಡು ಬರೆದುಕೊಂಡು, ಸಂಘದ ಸಭೆ ಸೇರಿಸಿ, ಬಾವಿ ಅಳೆಯುತ್ತಾನೋ? ಇಲ್ಲ ಆಫೀಸಿನಲ್ಲಿ ಕೂತು ವರದಿ ಬರೆಯುತ್ತಾನೋ?

ಕೋಡಿಹಳ್ಳಿ ಟೀಚರ್

ಮೊದಲನೆಯದು. ಬೈಕಿನಲ್ಲಿ ಕೆರೆಗೇ ಹೋಗಿಬಿಡುತ್ತಾರಂತೆ. ಆದರೆ ನಾನು ಇಂಗ್ಲಿಷಿನಲ್ಲಿ ಅವರನ್ನು ‘ಪ್ರಾಜೆಕ್ಟ್ ಮ್ಯಾನೇಜರ್’ ಮಾಡಿದ್ದೇನೆ, ಗಂಭೀರವಾಗಿ ಕಾಣಲಿ ಅಂತ.

ಲೆಡ್ಜರ್ ಮಾವ

ಅದೇ ನೋಡಿ! ಬಡ್ತಿ ಕೊಟ್ಟು ಸಿಕ್ಕಿಹಾಕಿಸಿದ್ದೀರಿ. ಮ್ಯಾನೇಜರ್ ಅಂದರೆ ನಿರ್ವಹಣೆ, ನಿರ್ವಹಣೆ ಅಂದರೆ ಆಡಳಿತ. ಫೀಲ್ಡ್ ಕೋಆರ್ಡಿನೇಟರ್ ಅಂತಲೇ ಇರಲಿ, ಕೆಳಗೆ ಒಂದು ಸಾಲಿನಲ್ಲಿ ಅವರು ನಿಜವಾಗಿ ಮಾಡುವ ಕೆಲಸ ಬರೆಯಿರಿ, ಸಾಲನ್ನು ಎರಡಾಗಿ ಒಡೆಯಿರಿ: ಕ್ಷೇತ್ರ ಸಿಬ್ಬಂದಿ 4,32,000, ಆಡಳಿತ 1,08,000. ಇಷ್ಟು ಮಾಡಿದರೂ ಆ ಸಂಬಳವನ್ನು ಯಾವ ಕಡೆ ಹಾಕಬೇಕು ಅಂತ ಕೊನೆ ಮಾತು ಹೇಳುವುದು ಅವರ ಆಡಿಟರ್. ವರ್ಷದ ಕೊನೆಗೆ ಸರ್ಕಾರಕ್ಕೆ ಕೊಡುವ ವಿದೇಶಿ ದೇಣಿಗೆಯ ರಿಟರ್ನ್ ಎಫ್‌ಸಿ-4ರಲ್ಲಿ ಅದನ್ನೇ ತೋರಿಸಬೇಕು. ಪ್ರಸ್ತಾವನೆಯಲ್ಲಿ ಒಂದು, ರಿಟರ್ನ್‌ನಲ್ಲಿ ಇನ್ನೊಂದು ಆದರೆ ತಲೆಬಿಸಿ.

ಚಿಂತಾಮಣಿ ಸಿರಿ

ನಮ್ಮ ಆಡಿಟರ್ ಸಂಯೋಜಕರ ಸಂಬಳವನ್ನು ಅರ್ಧ ಇತ್ತ ಅರ್ಧ ಅತ್ತ ಹಾಕಿಸುತ್ತಾರೆ. ಅದು ತಪ್ಪಾ?

ಲೆಡ್ಜರ್ ಮಾವ

ದಿನಚರಿ ಇಟ್ಟು, ಅರ್ಧ ಸಮಯ ಆಫೀಸಿನಲ್ಲಿ ಅಂತ ತೋರಿಸಿದರೆ ತಪ್ಪಲ್ಲ. ಸುಮ್ಮನೆ ಅರ್ಧ ಮಾಡಿದ್ದರೆ ನನಗೆ ಗೊತ್ತಿರುವ ಇಬ್ಬರು ಆಡಿಟರ್‌ಗಳು ಎರಡು ಉತ್ತರ ಕೊಡುತ್ತಾರೆ.

ಬಿದನೂರು ಬಸವ

ನಮ್ಮ ಊರಲ್ಲಿ ನೀರುಗಂಟಿಗೆ ದುಡ್ಡೇ ಇರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಇಷ್ಟು ಬಳ್ಳ ರಾಗಿ ಅಂತ ಕೊಡೋರು, ಅಜ್ಜಿ ಹೇಳ್ತಿದ್ರು. ಈಗ ತಿಂಗಳಿಗೆ ಮೂರು ಸಾವಿರವಾ!

ರೈನ್ ದಂಡೆ

ಬಸವ, ನೀನು ಗೊತ್ತಿಲ್ಲದೆ ಒಳ್ಳೆ ಪಾಯಿಂಟ್ ಹಾಕಿದೆ. ಟೀಚರ್ ‘ಹಾನರೇರಿಯಂ’ ಅಂದಿದ್ದಾರೆ. ಇಲ್ಲಿಯವರು ಆ ಪದ ಕೇಳಿದರೆ ಒಂದು ದಿನ ಬಂದು ಭಾಷಣ ಮಾಡಿ ಹೋದ ಪ್ರೊಫೆಸರ್‌ಗೆ ಕೊಟ್ಟ ಕವರ್ ಅಂದುಕೊಳ್ಳುತ್ತಾರೆ. 24 ತಿಂಗಳು ಬೆಳಿಗ್ಗೆ ತೂಬು ಎತ್ತಿ ಸಂಜೆ ಇಳಿಸುವವನಿಗೆ ಕೊಡುವುದು ಅದಲ್ಲ. ನಾನು ‘ಮಂತ್ಲಿ ಪೇಮೆಂಟ್ ಟು ವಾಟರ್ ಡಿಸ್ಟ್ರಿಬ್ಯೂಟರ್ಸ್’ ಅಂತ ಸಾದಾ ಬರೆಯುತ್ತಿದ್ದೆ, ಪಕ್ಕದಲ್ಲಿ ನೀರುಗಂಟಿ ಅನ್ನುವ ಪದವನ್ನೂ ಇಡುತ್ತಿದ್ದೆ. ಇನ್ನು ನಾನಾಗಿದ್ದರೆ ಖಂಡಿತ ಕೇಳುತ್ತಿದ್ದ ಪ್ರಶ್ನೆ: 25ನೇ ತಿಂಗಳು ಯಾರು ಕೊಡುತ್ತಾರೆ? ಬಳ್ಳ ರಾಗಿಯ ಪದ್ಧತಿ ಆ ಊರಿನಲ್ಲಿ ಇನ್ನೂ ನೆನಪಿದ್ದರೆ ಅದೇ ಉತ್ತರ ಆಗಬಹುದು.

‘ಸಾದಿಲ್ವಾರು’ ಕೂಡ. ಮಿಸಲೇನಿಯಸ್ ಅಂದರೆ ‘ಏನಕ್ಕೆ ಅಂತ ನಮಗೇ ಗೊತ್ತಿಲ್ಲ’ ಅಂತ ಓದಿಸಿಕೊಳ್ಳುತ್ತೆ, ಎಷ್ಟೋ ದಾನಿಗಳು ಆ ಸಾಲನ್ನೇ ಹೊಡೆದುಹಾಕುತ್ತಾರೆ. ಕಂಟಿಂಜೆನ್ಸಿ ಅಂದರೆ ಡೀಸೆಲ್ ಬೆಲೆ ಏರಿದರೆ ಅಂತ ಕಾದಿಟ್ಟದ್ದು. ಅವರ ಮನಸ್ಸಿನಲ್ಲಿ ಯಾವುದಿದೆಯೋ ಅದನ್ನು ಹಾಕಿ.

ಕೊಪ್ಪಳದ ಹೂಳಪ್ಪ

ಆ ಹದಿನಾಕು ಲಕ್ಷ ವಂತಿಗಿ ಏನ್ರಿ? ರೊಕ್ಕ ಕೊಡತಾರೇನು ರೈತರು?

ಕೋಡಿಹಳ್ಳಿ ಟೀಚರ್

ಇಲ್ಲ, ತಮ್ಮದೇ ಟ್ರ್ಯಾಕ್ಟರ್‌ನಲ್ಲಿ ಹೂಳು ಹೊತ್ತುಕೊಂಡು ಹೋಗುತ್ತಾರೆ. 4,000 ಲೋಡ್‌ಗೆ ಲೋಡ್‌ಗೆ 350ರಂತೆ.

ಲೆಡ್ಜರ್ ಮಾವ

ಹಾಗಾದರೆ ‘ಇನ್-ಕೈಂಡ್’ ಅಂತ ಹಣೆಯ ಮೇಲೇ ಬರೆಯಿರಿ. ಇಲ್ಲವಾದರೆ ಒಟ್ಟು ಯೋಜನೆ 34 ಲಕ್ಷ, ಅದರಲ್ಲಿ 14 ಲಕ್ಷ ನಗದು ಬ್ಯಾಂಕಿನಲ್ಲಿ ಇದೆ ಅಂತ ತಿಳಿದು ಆಡಿಟ್‌ನಲ್ಲಿ ಅದರ ರಸೀದಿ ಕೇಳುತ್ತಾರೆ. 350 ಎಲ್ಲಿಂದ ಬಂತು ಅಂತಲೂ ಒಂದು ಸಾಲು. ಅಂಕಿಯನ್ನು 1,400,000 ಅಂತ ಅವರ ಪದ್ಧತಿಯಲ್ಲಿ ಬರೆಯಿರಿ. 14,00,000 ನೋಡಿದರೆ ಅಲ್ಪವಿರಾಮ ತಪ್ಪು ಬಿದ್ದಿದೆ ಅಂದುಕೊಳ್ಳುತ್ತಾರೆ. ‘2026-27’ ಅಂತ ಇದ್ದರೆ ಏಪ್ರಿಲ್‌ನಿಂದ ಮಾರ್ಚ್ ಅಂತ ತಿಂಗಳು ಹಾಕಿ, ಇಲ್ಲವಾದರೆ ಎರಡು ವರ್ಷ ಅಂತ ಓದುತ್ತಾರೆ.

ಕೊಪ್ಪಳದ ಹೂಳಪ್ಪ

ಇನ್ನೊಂದ ಮಾತು, ಬಜೆಟ್ಟಿಂದಲ್ಲ. ‘240 ರೈತ ಕುಟುಂಬ’ ಅಂದಾರಲ್ಲ, ಟ್ರ್ಯಾಕ್ಟರ್ ಎಷ್ಟ ಮನಿಯಾಗ ಅದಾವ? ನಮ್ಮ ಕಡೆ ಹೂಳ ಹೋಗೂದು ಟ್ರ್ಯಾಕ್ಟರ್ ಇದ್ದಾವ್ರ ಹೊಲಕ್ಕ. ಎರಡ ಎಕರೆದಾಂವ ಬಾಡಿಗಿ ಕೊಟ್ಟ ಒಯ್ಯಾಕ ಆಗೂದಿಲ್ಲ. ‘ರೈತರಿಗೆ ಅನುಕೂಲ’ ಅಂದ್ರ ಯಾವ ರೈತರು ಅಂತ ಆ ಜರ್ಮನ್ನಾಂವ ಕೇಳೇ ಕೇಳತಾನ.

ರೈನ್ ದಂಡೆ

ಕೇಳುತ್ತಿದ್ದೆ, ಹೌದು.

ಕೋಡಿಹಳ್ಳಿ ಟೀಚರ್ (ನಾಲ್ಕು ದಿನದ ನಂತರ)

ಕಾರ್ಯದರ್ಶಿಯವರ ಜೊತೆ ಎರಡು ಗಂಟೆ ಕೂತೆ. ಲೆಡ್ಜರ್ ಮಾವ, ನಿಮ್ಮ ಅನುಮಾನ ನಿಜ. ಮೂರು ಲಕ್ಷವನ್ನು ಕೆರೆ ಸಂಘದ ಖಾತೆಗೇ ಹಾಕುವ ಯೋಚನೆ ಇತ್ತಂತೆ, ‘ಅವರಿಗೂ ಜವಾಬ್ದಾರಿ ಬರಲಿ’ ಅಂತ. ಕಾನೂನಿನ ವಿಷಯ ಹೇಳಿದೆ, ಬಣ್ಣ ಇಳಿಯಿತು. ಆಡಿಟರ್‌ಗೆ ಅಲ್ಲೇ ಫೋನ್ ಮಾಡಿದರು. ಈಗ ಏರಿ ಭದ್ರಪಡಿಸುವ ಕೆಲಸ ಅಂತ ಬದಲಾಗಿದೆ. ಸಂಸ್ಥೆಯೇ ನೇರವಾಗಿ ಪಾವತಿಸುತ್ತದೆ. ಸಂಘದವರು ಕೆಲಸ ನೋಡಿ ಅಳತೆ ಪುಸ್ತಕಕ್ಕೆ ಸಹಿ ಹಾಕಿದ ಮೇಲೇ ಹಣ. ಕನ್ನಡ ಮೂಲವನ್ನೂ ಹಾಗೆ ತಿದ್ದಿಸಿದೆ, ಆಮೇಲೆ ಇಂಗ್ಲಿಷ್.

ಬಾವಿಯ 42 ಅಡಿ ಅಳೆದದ್ದು ಮೇ ತಿಂಗಳಲ್ಲಿ, 36 ಅಡಿ ಡಿಸೆಂಬರ್‌ನಲ್ಲಿ. ಆ ಕೋಷ್ಟಕ ತೆಗೆದೆವು. ಹೊಸದಾಗಿ 12 ಬಾವಿ ಗುರುತು ಹಾಕಿ, ಕೆರೆಯ ಹತ್ತಿರ 8, ದೂರದಲ್ಲಿ 4, ಪ್ರತಿ ತಿಂಗಳ ಒಂದನೇ ತಾರೀಖು ಅಳೆಯುವುದು ಅಂತ ಬರೆದಿದ್ದಾರೆ. ದೂರದ ನಾಲ್ಕು ಹೂಳಪ್ಪನವರು ನನಗೆ ಪ್ರತ್ಯೇಕವಾಗಿ ಹೇಳಿದ ಉಪಾಯ. ಮಳೆಯಿಂದ ಎಲ್ಲ ಕಡೆ ಏರಿದ್ದು ಎಷ್ಟು, ಕೆರೆಯಿಂದ ಏರಿದ್ದು ಎಷ್ಟು ಅಂತ ಅಂದಾಜು ಸಿಗುತ್ತೆ.

‘ದ್ವಿಗುಣ’ದ ಹತ್ತಿರ ಮಾತ್ರ ಜಗಳ ಆಯಿತು. ‘ಅದನ್ನು ತೆಗೆದರೆ ದುಡ್ಡು ಯಾಕ್ ಕೊಡ್ತಾರಮ್ಮ?’ ಅಂತಾರೆ. ಈಗಿನ ಆದಾಯ ಎಷ್ಟು ಅಂತ ಕೇಳಿದರೆ ಸರ್ವೆ ಮಾಡಿಲ್ಲ. ನಾನು ಮೂರು ವಾಕ್ಯ ಬರೆದುಕೊಟ್ಟೆ: ಸುಮಾರು 11,000 ಘನ ಮೀಟರ್ ಸಾಮರ್ಥ್ಯ, ಸಾಕ್ಷಿ ಗುಡ್ಡೆಯಿಂದ ಅಳತೆ. 12 ಬಾವಿಗಳ ತಿಂಗಳ ಅಳತೆ. ಎರಡನೇ ಬೆಳೆ ಇಡುವ ಕುಟುಂಬ ಎಷ್ಟು ಅಂತ ಮೊದಲು ಒಂದು ಸಲ, ಕೊನೆಗೆ ಒಂದು ಸಲ ಎಣಿಕೆ, ಎರಡು ಎಕರೆಗಿಂತ ಕಡಿಮೆ ಇರುವವರನ್ನು ಬೇರೆಯಾಗಿ. ಆದಾಯದ ಬಗ್ಗೆ ‘ಕಾಂಟ್ರಿಬ್ಯೂಟ್ಸ್ ಟು’ ಅಂತ ಮಾತ್ರ. ಅವರು ‘ಯೋಚನೆ ಮಾಡ್ತೀನಿ’ ಅಂದಿದ್ದಾರೆ.

ಪದಕಣಜ

ನನ್ನ ಮಾತು ಸ್ವಲ್ಪ ಹಿಂತೆಗೆದುಕೊಳ್ಳುತ್ತೇನೆ. ಮೂಲವನ್ನೇ ತಿದ್ದಿಸಿದಿರಲ್ಲ, ಹಾಗಾದರೆ ನಿಷ್ಠೆಗೂ ಭಂಗವಿಲ್ಲ. ಆದರೂ ‘ಕಾಂಟ್ರಿಬ್ಯೂಟ್ಸ್ ಟು’ ಅನ್ನುವುದು ಜಾರಿಕೊಳ್ಳುವ ಮಾತಿನ ಹಾಗೆ ಕೇಳುತ್ತೆ ನನಗೆ.

ರೈನ್ ದಂಡೆ

ಎಲ್ಲ ಕಡೆ ಹಾಕಿದರೆ ಖಂಡಿತ ಜಾರಿಕೆಯೇ. ಮೇಲಿನ ಮೂರು ವಾಕ್ಯದಲ್ಲಿ ಅಂಕಿ ಇಟ್ಟು ಗಟ್ಟಿಯಾಗಿ ನಿಂತಿದ್ದರೆ, ಆದಾಯದ ಮಾತಿಗೆ ನಾನು ಒಪ್ಪುತ್ತಿದ್ದೆ. ನನ್ನ ಪಕ್ಕ ಕೂರುತ್ತಿದ್ದವಳು ಒಪ್ಪುತ್ತಿರಲಿಲ್ಲ, ಆದಾಯಕ್ಕೂ ಅಂಕಿ ಬೇಕು ಅನ್ನುತ್ತಿದ್ದಳು. ಅವಳಿಗೆ ಪ್ರಸ್ತಾವನೆ ಹೋದರೆ ಒಂದು ಪ್ರಶ್ನೆಯಾದರೂ ವಾಪಸ್ ಬರುತ್ತೆ ಅಂತ ಕಾರ್ಯದರ್ಶಿಗೆ ಈಗಲೇ ಹೇಳಿಡಿ.

ಕೋಡಿಹಳ್ಳಿ ಟೀಚರ್

ಹೇಳುತ್ತೇನೆ. ಅಂದಹಾಗೆ ಬಸವ, ಆ ಊರಿನಲ್ಲೂ ಬಳ್ಳ ರಾಗಿ ಇತ್ತಂತೆ, ಹಳೆ ನೀರುಗಂಟಿಯ ಮಗ ಹೇಳಿದ. ಮನೆಗೆ ಎಷ್ಟು ಬಳ್ಳ ಅಂತ ಸಂಘದ ಸಭೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. 25ನೇ ತಿಂಗಳ ಖಾನೆ ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.